ಭಾನುವಾರಕ್ಕೂ ಒಂದು ಲೆಕ್ಕ ಇರಲಿ

"ವಾರವಿಡೀ ಕಟ್ಟುನಿಟ್ಟಾಗಿರ್ತೀನಿ ಕಣೋ. ಮೂರು ತಿಂಗಳಾಯ್ತು, ತಕ್ಕಡಿ ಮುಳ್ಳು ಅಲ್ಲಾಡ್ತಿಲ್ಲ. ಥೈರಾಯ್ಡ್ ಇರ್ಬೇಕು."

ಇದು ನಮ್ಮ ಭಾವನ ಮಾತು. ಥೈರಾಯ್ಡ್ ಪರೀಕ್ಷೆಯೂ ಆಯ್ತು, ಏನೂ ಇಲ್ಲ ಅಂತಲೂ ಆಯ್ತು. ಆಮೇಲೆ "ನನ್ನ ಮೈನೇ ಹಂಗೆ" ಅನ್ನೋ ಹಳೇ ರಾಗ ಶುರುವಾಯ್ತು. ಮೈಯನ್ನು ಬೈಯೋದು ಸುಲಭ ನೋಡಿ, ಅದು ತಿರುಗಿ ಉತ್ತರ ಕೊಡೋದಿಲ್ಲ. ನನ್ನ ಜಗಳ ಇರೋದು ಭಾವನಿಗೆ ಲೆಕ್ಕ ಹೇಳಿಕೊಟ್ಟ ಇಬ್ಬರ ಜೊತೆ. ಒಂದು, ಅವರ ಫೋನಿನಲ್ಲಿರೋ ಆಪ್: ದಿನಕ್ಕೆ 1700 ಕ್ಯಾಲೊರಿ, ಹತ್ತು ಹೆಚ್ಚಾದರೂ ಕೆಂಪು ಬಣ್ಣ. ಎರಡು, ಅವರ ಜಿಮ್ಮಿನ ಹುಡುಗ: "ಸರ್, ವೀಕೆಂಡ್ ಚೀಟ್ ಡೇ, ಏನ್ ಬೇಕಾದ್ರೂ ತಿನ್ನಿ." ಒಬ್ಬರದ್ದು ಜೈಲು, ಇನ್ನೊಬ್ಬರದ್ದು ಜಾಮೀನು. ಇಬ್ಬರ ಮಾತೂ ಕೇಳಿ ಭಾವ ಕೆಟ್ಟರು.

ಒಂದು ಸಂಜೆ ನೋಟ್‌ಬುಕ್ ಹಿಡಿದು ಕೂತ್ವಿ. ಸೋಮವಾರದಿಂದ ಶುಕ್ರವಾರ ಭಾವ ನಿಜವಾಗ್ಲೂ 1700ರಲ್ಲೇ ಇರ್ತಾರೆ, ಅದರಲ್ಲಿ ಮೋಸ ಇಲ್ಲ. ಶನಿವಾರ ರಾತ್ರಿ ಗೆಳೆಯರ ಜೊತೆ ಎರಡು ದೊಡ್ಡ ಬಾಟ್ಲಿ ಬಿಯರು, ಅದಕ್ಕೇ ಸುಮಾರು 550. ಜೊತೆಗೆ ಕರಿದ ಕಡ್ಲೆಬೀಜ, ಕಬಾಬು, ಕೊನೆಗೊಂದು ಬಿರಿಯಾನಿ. ಭಾನುವಾರ ನಮ್ಮನೇಲಿ ಊಟ. ಅಳಿಯ ಬಂದ್ರು ಅಂತ ಅಮ್ಮ ಹೋಳಿಗೆ ಮೇಲೆ ತುಪ್ಪ ಸುರಿಯೋದು ಚಮಚದಲ್ಲಲ್ಲ, ಮಿಳ್ಳೆಯಲ್ಲಿ. ಎಲ್ಲಾ ಸೇರಿಸಿ ನೋಡಿದ್ರೆ ಆ ಎರಡು ದಿನ ತಲಾ 3100ರ ಹತ್ತಿರ ಹೋಗಿತ್ತು.

ಈಗ ಕೂಡಿಸಿ. 1700ರಂತೆ ಐದು ದಿನ ಅಂದ್ರೆ 8500. 3100ರಂತೆ ಎರಡು ದಿನ ಅಂದ್ರೆ 6200. ಒಟ್ಟು 14,700. ಏಳರಿಂದ ಭಾಗಿಸಿದ್ರೆ ದಿನಕ್ಕೆ 2100.

ಮೂರು ತಿಂಗಳು ತೂಕ ಏರಲೂ ಇಲ್ಲ, ಇಳಿಯಲೂ ಇಲ್ಲ. ಅಂದ್ರೆ ಭಾವನ ಮೈ ಸರಾಸರಿ ದಿನಕ್ಕೆ ಖರ್ಚು ಮಾಡೋದೂ ಸುಮಾರು ಅಷ್ಟೇ, 2100. ಯಾವ ಸೂತ್ರವೂ ಬೇಡ, ತಕ್ಕಡಿಯೇ ಹೇಳಿಬಿಟ್ಟಿತ್ತು. ಐದು ದಿನ 400ರಂತೆ ಉಳಿಸಿದ 2000 ಕ್ಯಾಲೊರಿಯನ್ನ ಎರಡು ದಿನ ಸಾವಿರದಂತೆ ಹೆಚ್ಚು ತಿಂದು ಚುಕ್ತಾ ಮಾಡಿದ್ರು. ಮೈ ಸರಿಯಾಗೇ ಇತ್ತು. ವಾರಕ್ಕೆ ಐದೇ ದಿನ ಅಂದ್ಕೊಂಡಿದ್ದ ಲೆಕ್ಕವೇ ತಪ್ಪು.

"ಹಾಗಾದ್ರೆ ಭಾನುವಾರಾನೂ 1700 ತಿನ್ನಬೇಕಾ? ನಿಮ್ಮಮ್ಮನ ಮುಂದೆ ಕೂತು?" ಅಂದ್ರು ಭಾವ. ಬೇಡ. ಅಲ್ಲೇ ಆಪ್ ತಪ್ಪು ಮಾಡೋದು. ನಡುರಾತ್ರಿ ಹನ್ನೆರಡಕ್ಕೆ ಮೈ ಖಾತೆ ಮುಚ್ಚಿ ಹೊಸ ಪುಟ ತೆರೆಯೋದಿಲ್ಲ. ಕೊಬ್ಬು ಕರಗೋದು ವಾರಗಟ್ಟಲೆ ಸೇರಿದ ಕೊರತೆಯಿಂದ. ಮನೆ ಖರ್ಚಿಗೆ ತಿಂಗಳ ಲೆಕ್ಕ ಇಡೋ ನಾವು, ಹಬ್ಬದ ದಿನಕ್ಕೆ ಅಂತ ಮೊದಲೇ ಎತ್ತಿಡೋ ನಾವು, ಊಟಕ್ಕೆ ಮಾತ್ರ ದಿನಗೂಲಿ ಲೆಕ್ಕ ಯಾಕಿಡಬೇಕು?

ವಾರಕ್ಕೆ 11,900 ಅಂತ ಇಟ್ವಿ, ಅಂದ್ರೆ ಅದೇ 1700ರ ಏಳರಷ್ಟು. ಸೋಮವಾರದಿಂದ ಶುಕ್ರವಾರ 1600. ಶನಿವಾರ 1750. ಭಾನುವಾರ 2150. ಕೂಡಿಸಿ ನೋಡಿ, ಸರಿಯಾಗಿ 11,900. ವಾರದ ಖರ್ಚು 14,700 ಆದ್ರೆ ಕೊರತೆ 2800. ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಅನ್ನೋ ರೂಢಿಯ ಲೆಕ್ಕ ಹಿಡಿದ್ರೆ ವಾರಕ್ಕೆ 350 ಗ್ರಾಮ್ ಆಸುಪಾಸು.

ಭಾವ ವಾರದ ದಿನಗಳಲ್ಲಿ ಬಿಡಬೇಕಾಗಿದ್ದು ಬರೀ ನೂರು. ಒಂದು ದೊಡ್ಡ ಚಮಚ ಅಡುಗೆ ಎಣ್ಣೆಯೇ 120. ಅವರ ಪಾಲಿನ ಪಲ್ಯಕ್ಕೆ ಅಷ್ಟು ಎಣ್ಣೆ ಕಮ್ಮಿ ಹಾಕಿದ್ರೆ ಮುಗೀತು. ಮುದ್ದೆ, ಕಾಳು, ಮೊಟ್ಟೆ, ಮೊಸರು ಮುಟ್ಟಬೇಡಿ ಅಂದೆ. ಹೊಟ್ಟೆ ತಡೆಯೋದು ಅವುಗಳೇ.

ಭಾನುವಾರದ 2150ರಲ್ಲಿ ಏನು ಬಂತು? ಬೆಳಿಗ್ಗೆ ಒಂದು ಮಸಾಲೆ ದೋಸೆ, ಕಾಫಿ: ಸುಮಾರು 450. ಮಧ್ಯಾಹ್ನ ತುಪ್ಪ ಹಾಕಿದ ಎರಡು ಹೋಳಿಗೆ 600, ಅನ್ನ ಸಾರು ಕೋಸಂಬರಿ ಪಲ್ಯ 500. ಸಂಜೆ ಕಾಫಿ, ಎರಡು ಚಕ್ಕುಲಿ: 200. ರಾತ್ರಿ ಸಣ್ಣ ಮುದ್ದೆ, ಬಸ್ಸಾರು: 400. ಇದನ್ನ ಯಾರಾದ್ರೂ ಉಪವಾಸ ಅಂತಾರಾ? ನಾಲ್ಕನೇ ಹೋಳಿಗೆಯೊಂದು ಇಲ್ಲ, ಅಷ್ಟೆ. ನಿಜ ಹೇಳ್ಬೇಕಂದ್ರೆ ಅದನ್ನ ಅವರು ತಿಂತಿದ್ದಿದ್ದು ಆಸೆಗಲ್ಲ, "ಇವತ್ತು ಬಿಟ್ರೆ ಮತ್ತೆ ಮುಂದಿನ ವಾರವೇ" ಅನ್ನೋ ಗಾಬರಿಗೆ. ಆ ಗಾಬರಿ ಹುಟ್ಟಿಸಿದ್ದೇ ಚೀಟ್ ಡೇ.

ಇಲ್ಲಿ ಜಾರೋ ಜಾಗಗಳು ಇವೆ, ಹೇಳದೇ ಇದ್ರೆ ನಾನೂ ಜಿಮ್ಮಿನ ಹುಡುಗನೇ ಆಗ್ತೀನಿ.

ಲೆಕ್ಕ ಕೂಡುತ್ತೆ ಅಂತ ವಾರದ ದಿನ 1200ಕ್ಕೆ ಇಳಿದು ಶನಿವಾರ ಭಾನುವಾರ 2950 ತಿನ್ನೋರಿದ್ದಾರೆ. ಕಾಗದದಲ್ಲಿ ಅದೂ 11,900ವೇ. ಆದ್ರೆ ಐದು ದಿನ ಹಸಿದವನು ಶನಿವಾರ 2950ಕ್ಕೆ ನಿಲ್ಲೋದಿಲ್ಲ. ನನ್ನ ನಿಯಮ ಇಷ್ಟು: ಸರಾಸರಿಗಿಂತ ವಾರದ ದಿನ ನೂರೈವತ್ತಕ್ಕಿಂತ ಹೆಚ್ಚು ಕೆಳಗೆ ಇಳಿಯಬೇಡಿ. ಗುರುವಾರದ ಹೊತ್ತಿಗೆ ಕಣ್ಣಮುಂದೆ ಬರೀ ತಿಂಡಿಯೇ ಕಾಣ್ತಿದ್ರೆ ಜಾಸ್ತಿ ಕತ್ತರಿಸಿದ್ದೀರಿ ಅಂತ ಅರ್ಥ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸೋ ಮಾತ್ರೆ ತಗೊಳ್ಳೋರು, ಬಸುರಿಯರು, ಉಪವಾಸ ಮತ್ತು ಮಿತಿಮೀರಿ ತಿನ್ನೋದರ ನಡುವೆ ಒಮ್ಮೆ ಸಿಕ್ಕಿಹಾಕಿಕೊಂಡೋರು ಈ ಆಟಕ್ಕೆ ಬರಲೇಬೇಡಿ, ಡಾಕ್ಟರ ಹತ್ತಿರ ಹೋಗಿ.

ಇನ್ನೊಂದು, ಮೊದಲು ಕೂಡಿಡಿ, ಆಮೇಲೆ ಖರ್ಚು ಮಾಡಿ. ಭಾನುವಾರ 500 ಮೀರಿತು ಅಂತ ಸೋಮವಾರ ಊಟ ಬಿಡಬೇಡಿ. ಅದು ಪ್ರಾಯಶ್ಚಿತ್ತ, ಬಜೆಟ್ ಅಲ್ಲ. 2800ರಲ್ಲಿ 500 ಹೋದ್ರೂ ಆ ವಾರ 2300 ಕೊರತೆ ಉಳಿದಿದೆ. ಆಪ್ ಭಾನುವಾರವನ್ನ ಕೆಂಪು ಮಾಡುತ್ತೆ, ವಾರ ಮಾತ್ರ ಇನ್ನೂ ಹಸಿರಾಗೇ ಇದೆ.

ಸೋಮವಾರ ಬೆಳಿಗ್ಗೆಯ ತಕ್ಕಡಿಯನ್ನಂತೂ ನಂಬಲೇಬೇಡಿ. ಭಾನುವಾರದ ಅನ್ನ, ಬೆಲ್ಲದಿಂದ ಗ್ಲೈಕೋಜನ್ ಮೈಯಲ್ಲಿ ತುಂಬಿಕೊಳ್ಳುತ್ತೆ, ಅದರ ಒಂದೊಂದು ಗ್ರಾಮೂ ಮೂರು ಗ್ರಾಮಿನಷ್ಟು ನೀರನ್ನ ಹಿಡಿದಿಡುತ್ತೆ. ಉಪ್ಪಿನಕಾಯಿ ಹಪ್ಪಳದ ಉಪ್ಪು ಇನ್ನಷ್ಟು ನೀರು ನಿಲ್ಲಿಸುತ್ತೆ. ಒಂದು ಕಿಲೋ ಏರಿದ್ರೂ ಅದು ಒಂದೇ ರಾತ್ರೀಲಿ ಬಂದ ಕೊಬ್ಬಲ್ಲ, ಬುಧವಾರ ಗುರುವಾರದ ಹೊತ್ತಿಗೆ ಹೆಚ್ಚಿನದು ಇಳಿದುಹೋಗುತ್ತೆ. ಶುಕ್ರವಾರವನ್ನ ಶುಕ್ರವಾರದ ಜೊತೆ ಹೋಲಿಸಿ. ನಾಲ್ಕು ಶುಕ್ರವಾರ ಕಳೆದ್ರೂ ಇಳಿದಿಲ್ಲ ಅಂದ್ರೆ ಮೈಯನ್ನ ಬೈಯೋ ಮುಂಚೆ ಶನಿವಾರದ ಪುಟ ತೆಗೆದು ನೋಡಿ. ಬರೆಯದೇ ಬಿಟ್ಟದ್ದು ಸಾಮಾನ್ಯವಾಗಿ ಅಲ್ಲೇ ಇರುತ್ತೆ: ಹೋಟೆಲಿನ ಎಣ್ಣೆ, ಎರಡನೇ ಬಾಟ್ಲಿ, ತುಪ್ಪದ ಮಿಳ್ಳೆ.

ಹತ್ತು ವಾರ ಆಯ್ತು, ಭಾವ ಮೂರು ಕಿಲೋ ಇಳಿದಿದ್ದಾರೆ. ಲೆಕ್ಕದ ಪ್ರಕಾರ ಮೂರೂವರೆ ಆಗಬೇಕಿತ್ತು, ನಡುವೆ ಎರಡು ಮದುವೆ ಬಂದವು. ಇನ್ನೊಂದೆರಡು ಕಿಲೋ ಇಳಿದ ಮೇಲೆ ಮೈಯ ಖರ್ಚೂ ಸ್ವಲ್ಪ ತಗ್ಗಿರುತ್ತೆ, ಆಗ 11,900 ಅನ್ನೋ ಅಂಕಿಯನ್ನ ಮತ್ತೆ ತೂಗಿ ನೋಡಬೇಕು. ಈಗ ಭಾನುವಾರ ಅಮ್ಮ ಮಿಳ್ಳೆ ಹಿಡಿದು ಬಂದ್ರೆ ಭಾವ ಎಲೆಗೆ ಕೈ ಅಡ್ಡ ಹಿಡಿಯೋದಿಲ್ಲ. "ಅತ್ತೆ, ಚಮಚದಲ್ಲಿ ಹಾಕಿ, ಎಷ್ಟು ಅಂತ ಬರ್ಕೋಬೇಕು" ಅಂತಾರೆ. ಅಮ್ಮನಿಗೆ ಸಿಟ್ಟು ಬರುತ್ತೆ. ಆದ್ರೂ ಚಮಚ ತರ್ತಾರೆ.