ಬಾಡಿಗೆ ಕಮ್ಮಿ ಮಾಡಿ ಅಂತ ಬೇಡಬೇಡಿ, ಕರಾರು ತೆಗೆದು ಓದಿ

ನಮ್ಮ ಕುಂದಾಪುರದ ಕಡೆ ಬಾಡಿಗೆ ಮನೆಯ ಮಾಡು ಸೋರಿದರೆ ಮಾಲಕರಿಗೆ ಕಾಗದ ಬರೆಯುವುದು ಅಂದರೆ ಜಗಳಕ್ಕೆ ಹೋದ ಹಾಗೆ! "ಹೋಯ್, ಕಾಗ್ದ ಎಂತಕೆ? ಬಾಯಲ್ ಹೇಳ್ರೆ ಸಾಕಲ್ದಾ?" ಅನ್ನುತ್ತಾರೆ. ಬಾಯಲ್ಲಿ ಹೇಳಿದರೆ ಸಿಗುವ ಉತ್ತರವೂ ಗೊತ್ತಿದ್ದದ್ದೇ. "ಮಳಿ ಬಿಡ್ಲಿ ಮಾರಾಯ್ರೆ, ಮಾಡ್ಸುವ." ಮಳೆ ಬಿಟ್ಟ ಮೇಲೆ ಸೋರುವುದಿಲ್ಲ, ಹಾಗಾಗಿ ರಿಪೇರಿಯೂ ಇಲ್ಲ.

ನನ್ನ ಗೆಳೆಯನೊಬ್ಬನ ಕತೆ ಇದೇ. ಹಂಚಿನ ಮನೆ, ತಿಂಗಳಿಗೆ 9000 ರೂಪಾಯಿ. ಜೂನ್ ಮೊದಲ ವಾರವೇ ಹಿಂದಿನ ಕೋಣೆಯಲ್ಲಿ ಮೂರು ಬಾಲ್ದಿ ಇಡುವ ಸ್ಥಿತಿ. ಎರಡು ಸಲ ಫೋನ್ ಮಾಡಿ ಸುಸ್ತಾಗಿ ಒಂದು ಕಾಗದ ಬರೆದು ನನಗೆ ತೋರಿಸಿದ: "ಮನೆ ವಾಸಕ್ಕೆ ಯೋಗ್ಯವಾಗಿಲ್ಲ, ಬಾಡಿಗೆ ಅರ್ಧ ಮಾಡಿ, ಇಲ್ಲದಿದ್ದರೆ ಬಾಡಿಗೆ ಕೊಡುವುದಿಲ್ಲ." ಇದನ್ನು ಕಳಿಸಬೇಡ ಅಂದೆ. ಸಿಟ್ಟು ನ್ಯಾಯವಾದದ್ದೇ, ಕಾಗದ ಮಾತ್ರ ತಪ್ಪು. ಬಾಡಿಗೆ ಪೂರ್ತಿ ನಿಲ್ಲಿಸಿದ ದಿನ ತಪ್ಪು ಮಾಲಕರದ್ದಲ್ಲ, ನಮ್ಮದಾಗುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಮನೆ ಸೋರಿದರೆ ಬಾಡಿಗೆ ಕಡಿಮೆ ಮಾಡಲೇಬೇಕು ಎಂದು ಕಾನೂನು ಇದೆ ಅಂದುಕೊಳ್ಳುತ್ತಾರೆ. ಕರ್ನಾಟಕದ 1999ರ ಬಾಡಿಗೆ ಕಾಯಿದೆಯನ್ನು ಹೆಸರಿಸುತ್ತಾರೆ. ತಿಂಗಳಿಗೆ 3500 ರೂಪಾಯಿ ಮೀರಿದ ಮನೆಗಳು ಎಲ್ಲಿದ್ದರೂ ಆ ಕಾಯಿದೆಯ ಹೊರಗೆ! ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆ. ಅದರ 108ನೇ ಕಲಮಿನ (ಎಫ್) ಹೇಳುವುದಿಷ್ಟು: ಮಾಲಕ ಮಾಡಬೇಕಾದ ರಿಪೇರಿಯನ್ನು, ನೋಟೀಸು ಕೊಟ್ಟ ಮೇಲೂ ಯುಕ್ತ ಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. "ಮಾಡಬೇಕಾದ" ಅನ್ನುವ ಮಾತನ್ನು ಗಮನಿಸಿ. ಮಾಡಬೇಕು ಅಂತ ಎಲ್ಲಿ ಬರೆದಿದೆ? ಕರಾರಿನಲ್ಲಿ ಬರೆದಿರಬೇಕು. "ಎಲ್ಲಾ ರಿಪೇರಿ ಬಾಡಿಗೆದಾರರದ್ದು" ಎಂಬ ಅಚ್ಚಾದ ಸಾಲಿಗೆ ಓದದೆ ಸಹಿ ಹಾಕಿದ್ದರೆ ಈ ದಾರಿಯೂ ಮುಚ್ಚಿದ ಹಾಗೆ.

ಗೆಳೆಯನ ಪುಣ್ಯ, ಅವನ ಹನ್ನೊಂದು ತಿಂಗಳ ಕರಾರಿನ ಏಳನೇ ಷರತ್ತು ಬೇರೆ ಇತ್ತು. ಮಾಡು, ಗೋಡೆ, ಬಾವಿಯ ದೊಡ್ಡ ರಿಪೇರಿ ಮಾಲಕರದ್ದು. ಬರೆದು ತಿಳಿಸಿ 15 ದಿನದಲ್ಲಿ ಮಾಡದಿದ್ದರೆ, ರಿಪೇರಿ ಮುಗಿಯುವವರೆಗೆ, ಉಪಯೋಗಕ್ಕೆ ಬಾರದ ಭಾಗದಷ್ಟು ಬಾಡಿಗೆ ಕಡಿತ. ಎರಡು ವರ್ಷ ಅದೇ ಮನೆಯಲ್ಲಿದ್ದರೂ ಅವನು ಇದನ್ನು ಓದಿರಲೇ ಇಲ್ಲ!

ಹೊಸ ಕಾಗದಕ್ಕೆ ಮೊದಲು ಮಾಡು ನೋಡಿದೆವು. ಒದ್ದೆ ಗೋಡೆಯ ಮೇಲಿನಿಂದ ಕೆಳಗೆ ಇಳಿದಿತ್ತು, ಒಡೆದ ಹಂಚು, ಗೆದ್ದಲು ತಿಂದ ರೀಪು ಕಾಣುತ್ತಿತ್ತು. ಒದ್ದೆ ನೆಲದಿಂದ ಎರಡು ಮೂರು ಅಡಿ ಮೇಲಕ್ಕೆ ಹತ್ತಿದ್ದರೆ ಅದು ಅಡಿಪಾಯದ ತೇವ, ಹಂಚು ಬದಲಿಸಿ ಪ್ರಯೋಜನವಿಲ್ಲ. ಯಾವ ದೋಷ ಎಂದು ಬರೆಯದಿದ್ದರೆ "ಕಿಟಕಿ ತೆರೆದಿಟ್ಟು ನೀವೇ ಒದ್ದೆ ಮಾಡಿದ್ದು" ಅನ್ನುವ ಮಾತು ಬರುತ್ತದೆ.

ಕಾಗದದ ತಿರುಳು ಹೀಗಿತ್ತು:

"ಜೂನ್ 5ರಿಂದ ಹಿಂದಿನ ಕೋಣೆಯ ಮಾಡು ಸೋರುತ್ತಿದೆ. ಫೋಟೋ ಲಗತ್ತಿಸಿದೆ. ಕರಾರಿನ 7ನೇ ಷರತ್ತಿನಂತೆ ಈ ಕಾಗದ ತಲುಪಿದ 15 ದಿನದೊಳಗೆ ರಿಪೇರಿ ಮಾಡಿಸಿಕೊಡಬೇಕು. ಆಗದಿದ್ದರೆ, 600 ಚದರ ಅಡಿಯಲ್ಲಿ 120 ಚದರ ಅಡಿ ಬಳಸಲಾಗದ ಕಾರಣ, ಐದನೇ ಒಂದು ಪಾಲು 1800 ರೂ. ಕಳೆದು ತಿಂಗಳಿಗೆ 7200 ರೂ. ಪಾವತಿಸುತ್ತೇನೆ. ಕೆಲಸದವರು ಯಾವ ದಿನ ಬಂದರೂ ಮನೆ ತೆರೆದುಕೊಡುತ್ತೇನೆ."

ಬೈಗುಳ ಇಲ್ಲ, ಬೇಡಿಕೊಳ್ಳುವುದೂ ಇಲ್ಲ. ಕೊನೆಯ ಸಾಲು ಮುಖ್ಯ, "ಬೀಗ ಹಾಕಿತ್ತು" ಎಂಬ ನೆಪಕ್ಕೆ ಜಾಗ ಇರುವುದಿಲ್ಲ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಹಾಗಾಗಿ ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ ತಲುಪಿದ ದಿನದ ದಾಖಲೆ ಇಟ್ಟುಕೊಂಡ. ಜೂನ್ 14ಕ್ಕೆ ತಲುಪಿತು, 29ಕ್ಕೆ ಗಡುವು ಮುಗಿಯಿತು. ಜುಲೈ ಬಾಡಿಗೆ 7200, ಬ್ಯಾಂಕಿನ ಮೂಲಕ. ಆ ತಿಂಗಳ ಕೊನೆಗೆ ಮಳೆ ಹೊಳವಾದ ಎರಡು ದಿನದಲ್ಲಿ ಹಂಚು, ರೀಪು ಎರಡೂ ಬದಲಾದವು. ಆಗಸ್ಟಿಗೆ ಮತ್ತೆ 9000.

"ಹನ್ನೊಂದು ತಿಂಗಳು ಮುಗಿದ ಮೇಲೆ ಬಿಡಿ ಅಂದರೆ?" ಅನ್ನಬಹುದು ನೀವು. ಅನ್ನಬಹುದು, ಅವರ ಹಕ್ಕು ಅದು. ಈ ಕಾಗದ ಅದನ್ನು ತಡೆಯುವುದಿಲ್ಲ. ಆದರೆ ಆ ಹೆದರಿಕೆಗೆ ಸುಮ್ಮನಿದ್ದರೆ ಪ್ರತಿ ತಿಂಗಳು ಬಾಲ್ದಿ ಇಟ್ಟ ಕೋಣೆಗೂ ಬಾಡಿಗೆ ಕೊಡುತ್ತೀರಿ. ಬೈಂದೂರಾಗಲಿ ಬ್ರಹ್ಮಾವರವಾಗಲಿ, ಮುಂದಿನ ಸಲ ಸಹಿ ಹಾಕುವ ಮೊದಲು ರಿಪೇರಿಯ ಷರತ್ತು ಓದಿ. ಇಲ್ಲದಿದ್ದರೆ ಒಂದು ಸಾಲು ಸೇರಿಸಿ ಅನ್ನಿ. ಚೌಕಾಸಿಗೆ ಸಮಯ ಅದೇ, ಬೀಗದ ಕೈ ಪಡೆಯುವ ಮೊದಲು. ಜೂನ್ ತಿಂಗಳಲ್ಲಿ ಅಲ್ಲ.