‘ನನಗೂ’ ಬೇರೆ, ‘ನನಗೇ’ ಬೇರೆ

ಕ್ಲಾಸ್‌ಮೇಟ್ಸ್, ಒಂದು ಸಲ ನಿಮ್ಮ ಕಾಮೆಂಟ್ಸ್ ನೀವೇ ಓದಿ ನೋಡಿ. ಯಾರೋ ಹೊಸ ಸ್ಕೂಟಿ ಫೋಟೋ ಹಾಕಿದ್ರೆ ‘ಫುಲ್ ಜೆಲಸ್ ಕಣೇ’ ಅಂತೀರ. ಫ್ರೆಂಡು ಬೇರೆಯವರ ಜೊತೆ ಸೆಲ್ಫಿ ಹಾಕಿದ್ರೂ ‘ಫುಲ್ ಜೆಲಸ್’. ಇಂಗ್ಲಿಷ್ ಮಾತಾಡೋ ದೇಶಗಳಲ್ಲೂ ಜನ ಹೀಗೇ ಬಳಸ್ತಾರೆ, ಅದ್ರಿಂದ ಹೆಚ್ಚಿನವರು ಅದನ್ನ ತಪ್ಪು ಅಂತ ಹಿಡಿಯಲ್ಲ. ಕನ್ನಡದಲ್ಲೂ ನಾವು ಎರಡಕ್ಕೂ ‘ಹೊಟ್ಟೆಕಿಚ್ಚು’ ಅಂದ್ಬಿಡ್ತೀವಿ. ಆದ್ರೆ ಒಳಗೆ ಆಗ್ತಿರೋದು ಎರಡು ಬೇರೆ ಬೇರೆ ಸಂಕಟ.

ಎನ್ವಿಯಸ್ ಅಂದ್ರೆ, ಇನ್ನೊಬ್ಬರ ಹತ್ರ ಇರೋದು ನನ್ನ ಹತ್ರ ಇಲ್ಲ ಅನ್ನೋ ಉರಿ. ಇಲ್ಲಿ ಇರೋದು ಇಬ್ಬರು, ಮಧ್ಯೆ ಒಂದು ವಸ್ತು ಅಥವಾ ಒಂದು ಗುಣ. ಜೆಲಸ್ ಅಂದ್ರೆ, ನನ್ನದು ಅಂದ್ಕೊಂಡಿರೋದು ಕೈತಪ್ಪಿ ಹೋಗ್ಬಹುದು ಅನ್ನೋ ಭಯ. ಇಲ್ಲಿ ಸಾಮಾನ್ಯವಾಗಿ ಮೂವರು: ನಾನು, ನನ್ನವರು, ಮಧ್ಯೆ ಬಂದವರು. ನಮ್ಮ ಹಳೇ ಮಾತು ‘ಸವತಿ ಮತ್ಸರ’ ಇದೇ ಲೆಕ್ಕದ್ದು.

ಹೇಗೆ ಗೊತ್ತಾಗುತ್ತೆ? ನನ್ನ ಪ್ರಕಾರ ಕನ್ನಡದಲ್ಲಿ ಇದನ್ನ ಹಿಡಿಯೋದು ಸುಲಭ, ಒಂದೇ ಒಂದು ಅಕ್ಷರ ಸಾಕು. ‘ನನಗೂ ಇರ್ಬೇಕಿತ್ತು’ ಅಂದ್ರೆ ಎನ್ವಿ. ‘ನನಗೇ ಇರ್ಬೇಕು’ ಅಂದ್ರೆ ಜೆಲಸಿ. ‘ಊ’ ಅನ್ನೋದು ಜೊತೆಗೆ ಸೇರಿಸ್ಕೊಳ್ಳೋಕೆ ಕೇಳುತ್ತೆ. ‘ಏ’ ಅನ್ನೋದು ಬೇರೆಯವರನ್ನ ಹೊರಗೆ ಹಾಕುತ್ತೆ.

ಒಂದು ಉದಾಹರಣೆ. ಇಬ್ಬರು ಹುಡುಗೀರು ದಿನಾ ಮದ್ದೂರಿಂದ ಮಂಡ್ಯಕ್ಕೆ ಟ್ರೈನಲ್ಲಿ ಬರ್ತಾರೆ ಅಂದ್ಕೊಳ್ಳಿ. ಕ್ಲಾಸಲ್ಲೂ ಒಂದೇ ಬೆಂಚು. ಮಳವಳ್ಳಿಯಿಂದ ಬಸ್ಸಲ್ಲಿ ಬರೋ ಹೊಸಬಳೊಬ್ಬಳು ಸೇರ್ಕೊಂಡಳು. ಅವಳು ಸ್ಟೇಜ್ ಮೇಲೆ ಹೆದರದೆ ಮಾತಾಡ್ತಾಳೆ. ಮೊದಲನೆಯವಳಿಗೆ ಅನ್ಸುತ್ತೆ: ‘ನನಗೂ ಹಂಗೆ ಮಾತಾಡೋಕೆ ಬಂದಿದ್ರೆ!’ ಇದು ಎನ್ವಿ. ಒಂದು ವಾರ ಆದ್ಮೇಲೆ ಬೆಂಚಿನ ಗೆಳತಿ ಎದ್ದು ಹೋಗಿ ಹೊಸಬಳ ಪಕ್ಕ ಕೂತಳು. ಈಗ ಮಾತು ಬದಲಾಯ್ತು: ‘ಅವ್ಳು ನನ್ನ ಜೊತೆನೇ ಕೂರ್ಬೇಕಿತ್ತು.’ ಇದು ಜೆಲಸಿ. ಉರಿಗೆ ಕಾರಣ ಅದೇ ಹೊಸ ಹುಡುಗಿ, ಹೊಟ್ಟೆನೂ ಅದೇ, ಆದ್ರೆ ಸಂಕಟ ಬೇರೆ. ಮೊದಲನೇದಕ್ಕೆ ಮದ್ದು ಮಾತಾಡೋದನ್ನ ಕಲಿಯೋದು. ಎರಡನೇದಕ್ಕೆ ಎಷ್ಟು ಭಾಷಣ ಕಲಿತ್ರೂ ಪ್ರಯೋಜನ ಇಲ್ಲ, ಗೆಳತಿ ಹತ್ರನೇ ಹೋಗಿ ‘ನಂಗೆ ಒಂಟಿ ಅನ್ಸ್ತಿದೆ ಕಣೇ’ ಅಂತ ಬಾಯಿಬಿಟ್ಟು ಹೇಳ್ಬೇಕು.

ಒಂದು ಎಚ್ಚರ. ‘ಏ’ ಯಾರ ಹೆಸರಿಗೆ ಅಂಟಿದೆ ನೋಡ್ಕೊಳ್ಳಿ. ‘ಅವ್ಳಿಗೇ ಯಾಕೆ ಸಿಕ್ತು?’ ಅನ್ನೋದ್ರಲ್ಲೂ ‘ಏ’ ಇದೆ, ಆದ್ರೆ ಅದು ಅವಳ ಮೇಲಿದೆ. ಅದು ಎನ್ವಿನೇ.

ಮಹಾಭಾರತದಲ್ಲಿ ಎರಡೂ ಇವೆ. ಇಂದ್ರಪ್ರಸ್ಥದಲ್ಲಿ ಪಾಂಡವರ ಐಶ್ವರ್ಯ ನೋಡಿ ದುರ್ಯೋಧನ ಬೆಂದು ಹೋದ. ಅವನದ್ದು ಎನ್ವಿ. ಅದು ‘ನನಗೂ’ ಅನ್ನೋದ್ರಲ್ಲಿ ನಿಲ್ಲದೆ ‘ಅವರಿಗೆ ಇರೋದೇ ಬೇಡ’ ಅನ್ನೋ ತನಕ ಹೋಗಿ ಜೂಜಾಯ್ತು. ಅರ್ಜುನನ ಕಥೆ ಬೇರೆ. ‘ನಿನ್ನ ಸಮ ಇನ್ಯಾವ ಶಿಷ್ಯನೂ ಇರಲ್ಲ’ ಅಂತ ದ್ರೋಣರು ಮಾತು ಕೊಟ್ಟಿದ್ರು. ಏಕಲವ್ಯನ ಬಿಲ್ಲುವಿದ್ಯೆ ಕಂಡಾಗ ಅರ್ಜುನ ಗುರುಗಳಿಗೆ ಆ ಮಾತನ್ನೇ ನೆನಪಿಸಿದ. ಗುರು, ತಾನು, ಮಧ್ಯೆ ಇನ್ನೊಬ್ಬ: ಮೂರು ಜನ. ಇದ್ದ ಜಾಗ ಹೋಗೋ ಭಯ. ಹೆಬ್ಬೆರಳು ಹೋಗಿದ್ದು ಮಾತ್ರ ಏಕಲವ್ಯನದು.

ಅದಕ್ಕೇ ನನಗೆ ಜೆಲಸಿ ಬಗ್ಗೆನೇ ಹೆಚ್ಚು ಭಯ. ಎನ್ವಿ ಅಂದ್ರೆ ನಾವೆಲ್ಲ ಕೆಟ್ಟದು ಅಂತ ಮುಖ ಸಿಂಡರಿಸ್ತೀವಿ. ಜೆಲಸಿಗೆ ಮಾತ್ರ ‘ಪೊಸೆಸಿವ್’ ಅಂತ ಹೆಸರಿಟ್ಟು ಪ್ರೀತಿ ಲಿಸ್ಟಿಗೆ ಸೇರಿಸ್ತೀವಿ. ‘ಅವ್ನು ತುಂಬಾ ಪೊಸೆಸಿವ್ ಕಣೇ, ಅದಕ್ಕೇ ನನ್ನ ಫೋನ್ ಚೆಕ್ ಮಾಡ್ತಾನೆ’ ಅಂತ ಹೆಮ್ಮೆಯಿಂದ ಹೇಳ್ಕೊಳ್ಳೋರಿದ್ದಾರೆ. ಆ ವಾಕ್ಯದಲ್ಲಿ ಕಾಣೋದು ಅವನ ಭಯ, ಕಾವಲು ಬಿದ್ದಿರೋದು ನಿಮ್ಮ ಮೇಲೆ. ಭಯ ಆಗೋದು ತಪ್ಪಲ್ಲ. ‘ನಂಗೆ ಭಯ ಆಗ್ತಿದೆ’ ಅಂದ್ರೆ ಕೂತು ಮಾತಾಡಬಹುದು. ‘ಪಾಸ್‌ವರ್ಡ್ ಕೊಡು, ಅವ್ನ ಜೊತೆ ಮಾತಾಡ್ಬೇಡ’ ಅಂದ್ರೆ ಅದು ಅಪ್ಪಣೆ. ಅಪ್ಪಣೆಗೆ ‘ಇಲ್ಲ’ ಅನ್ನೋ ಹಕ್ಕು ನಿಮಗಿದೆ.

ನಿಮ್ಮ ತಲೇಲಿ ಇವತ್ತು ಓಡಿದ ಒಂದು ವಾಕ್ಯ ಕಾಮೆಂಟಲ್ಲಿ ಬರೀರಿ, ಹೆಸರು ಬೇಡ. ‘ಊ’ನೋ ‘ಏ’ನೋ ಎಲ್ಲರೂ ಸೇರಿ ನೋಡೋಣ.