ಬಣ್ಣ ಆಮೇಲೆ, ಮೊದಲು ತಾರಸಿ



ಮಳೆಗಾಲದಲ್ಲಿ ಫ್ಲಾಟಿನ ಕಡೇ ಮಹಡಿಯವರ ಪಾಡು ಅನುಭವಿಸಿದವರಿಗೇ ಗೊತ್ತು. ತಾರಸಿ ಎಲ್ಲರಿಗೂ ಸೇರಿದ್ದು, ಸೋರುವುದು ಮಾತ್ರ ನಮ್ಮೊಬ್ಬರ ಮನೆಗೆ! ಬಿಲ್ಡರಿಗೆ ಫೋನ್ ಮಾಡಿದರೆ, "ಹುಡುಗನ್ನ ಕಳಿಸ್ತೀನಮ್ಮಾ" ಅಂತಾರೆ. ಹುಡುಗ ಬರ್ತಾನೆ, ಉಬ್ಬಿದ ಬಣ್ಣ ಕೆರೆದು ಪಟ್ಟಿ ಮೆತ್ತಿ ಹೊಸ ಬಣ್ಣ ಬಳಿದು ಹೋಗ್ತಾನೆ. ಮುಂದಿನ ಮಳೆಗೆ ಮತ್ತೆ ಅದೇ ಕತೆ.

ಶಿವಮೊಗ್ಗದಲ್ಲಿರುವ ನನ್ನ ನಾದಿನಿಯ ಮನೆಯಲ್ಲಿ ಹೀಗೇ ಆಯಿತು. ಫ್ಲಾಟು ಕೈಗೆ ಬಂದದ್ದು 2022ರ ಫೆಬ್ರವರಿಯಲ್ಲಿ. 2023ರ ಜುಲೈಯಲ್ಲಿ ಮಲಗುವ ಕೋಣೆಯ ಮೇಲ್ಚಾವಣಿಯಲ್ಲಿ ತಟ್ಟೆಯಗಲದ ಕಲೆ. ಬಣ್ಣ ಬಳಿದರು. 2024ರ ಆಗಸ್ಟಿನಲ್ಲಿ ಅದೇ ಕಲೆ ಮೊರದಷ್ಟಾಯಿತು. ಮತ್ತೆ ಬಳಿದರು. 2025ರ ಜುಲೈಗೆ ಫ್ಯಾನಿನ ಬುಡದಿಂದ ನೀರು ತೊಟ್ಟಿಕ್ಕಿತು, ಬಟ್ಟೆಯ ಕಪಾಟಿನ ಹಿಂದಿನ ಹಲಗೆಯೂ ಉಬ್ಬಿತು. (ಫ್ಯಾನಿನ ಹತ್ತಿರ ನೀರು ಕಂಡರೆ ಮೊದಲು ಆ ಕೋಣೆಯ ಕರೆಂಟನ್ನು ಮುಖ್ಯ ಬೋರ್ಡಿನಲ್ಲೇ ಆರಿಸಿ, ಉಳಿದದ್ದೆಲ್ಲಾ ಆಮೇಲೆ.)

ಅವಳು ಹಿಂದೆ ಬರೆದಿದ್ದ ಎರಡು ಕಾಗದಗಳನ್ನು ನನಗೆ ತೋರಿಸಿದಳು. ಎರಡರಲ್ಲೂ "ಬಣ್ಣ ಹಾಳಾಗಿದೆ, ದಯವಿಟ್ಟು ಸರಿಪಡಿಸಿಕೊಡಿ" ಎಂದಿತ್ತು. ಬಿಲ್ಡರು ಕೇಳಿದ್ದನ್ನೇ ಮಾಡಿಕೊಟ್ಟಿದ್ದ! ಬಣ್ಣ ಏಳುವುದು ನೀರಿನಿಂದ. ಗಾರೆಯೊಳಗಿನ ಉಪ್ಪನ್ನು ಕರಗಿಸಿಕೊಂಡು ನೀರು ಹೊರಗೆ ಬರುತ್ತದೆ, ನೀರು ಆರಿ ಉಪ್ಪು ಅಲ್ಲೇ ಉಳಿದು ಪದರವನ್ನು ಎತ್ತುತ್ತದೆ. ಕೆರೆದಾಗ ಬಿಳೀ ಪುಡಿ ಉದುರುವುದು ಅದೇ. ನೀರು ಬರುವ ದಾರಿ ಮುಚ್ಚದೆ ಎಷ್ಟು ದುಬಾರಿ ಬಣ್ಣ ಬಳಿದರೂ ಒಂದು ಮಳೆಗಾಲ ತಾಳುವುದು ಕಷ್ಟ.

ಇನ್ನೊಂದು ಸಂಗತಿ. ಕಲೆ ಎಲ್ಲಿದೆಯೋ ಅದರ ನೇರ ಮೇಲೇ ತೂತಿದೆ ಎಂದುಕೊಳ್ಳಬೇಡಿ. ನೀರು ಕಾಂಕ್ರೀಟಿನ ಬಿರುಕಿನಲ್ಲೋ ವೈರಿನ ಕೊಳವೆಯಲ್ಲೋ ಹರಿದು ದೂರದಲ್ಲಿ ತೊಟ್ಟಿಕ್ಕಬಹುದು. ಹೆಚ್ಚಾಗಿ ಒಳಗೆ ಇಳಿಯುವುದು ಎರಡು ಕಡೆ: ಮಳೆನೀರಿನ ಪೈಪಿನ ಬಾಯಿಯ ಸುತ್ತ, ಮತ್ತು ತಾರಸಿಯ ನೆಲ ಮೋಟುಗೋಡೆಗೆ ಕೂಡುವ ಮೂಲೆಯಲ್ಲಿ. ನಾವಿಬ್ಬರೂ ಮಳೆ ನಿಂತ ಮಾರನೇ ದಿನ ಮೇಲೆ ಹತ್ತಿ ನೋಡಿದೆವು. ಪೈಪಿನ ಬಾಯಿ ನೆಲಕ್ಕಿಂತ ಎತ್ತರದಲ್ಲಿ ಕೂತಿತ್ತು, ಅದರ ಸುತ್ತ ಎರಡು ಚಾಪೆಯಗಲ ನೀರು ನಿಂತಿತ್ತು. ಮೂಲೆಯ ಗಾರೆಯಲ್ಲಿ ಕೂದಲೆಳೆಯಂಥ ಬಿರುಕು. ಫೋಟೋ ತೆಗೆದುಕೊಂಡು ಕೆಳಗಿಳಿದು ಕಾಗದ ಬರೆಯಲು ಕೂತೆವು. ನಿಮಗೂ ಬೇಕಾದೀತೆಂದು ಹಾಗೇ ಕೊಡುತ್ತಿದ್ದೇನೆ.

"ಮಾನ್ಯರೇ,

ನಿಮ್ಮಿಂದ ಕೊಂಡ ಫ್ಲಾಟನ್ನು 2022ರ ಫೆಬ್ರವರಿ 14ರಂದು ನಮ್ಮ ವಶಕ್ಕೆ ಕೊಟ್ಟಿದ್ದೀರಿ. ತಾರಸಿಯಿಂದ ನೀರಿಳಿಯುವ ಬಗ್ಗೆ 2023ರ ಜುಲೈ ಮತ್ತು 2024ರ ಆಗಸ್ಟಿನಲ್ಲಿ ಬರೆದಿದ್ದೆವು. ಎರಡು ಬಾರಿಯೂ ಒಳಗಿನ ಬಣ್ಣ ಮಾತ್ರ ಬಳಿಸಿದಿರಿ, ತಾರಸಿಯನ್ನು ಯಾರೂ ಪರೀಕ್ಷಿಸಲಿಲ್ಲ. ಈ ಜುಲೈಯಲ್ಲಿ ಮೂರನೇ ಬಾರಿ ಸೋರಿದೆ. ಮೇಲ್ಚಾವಣಿ, ಒಂದು ಗೋಡೆ ಮತ್ತು ಕಪಾಟು ಹಾಳಾಗಿವೆ. ತಾರಸಿಯಲ್ಲಿ ನೀರು ನಿಂತಿರುವ ಫೋಟೋಗಳನ್ನು ಇದರೊಂದಿಗೆ ಇಟ್ಟಿದ್ದೇವೆ. ಆ ಜಾಗದಲ್ಲಿ ನಾವಾಗಲಿ ಬೇರೆ ನಿವಾಸಿಗಳಾಗಲಿ ಏನನ್ನೂ ಕೊರೆದು ಕೂರಿಸಿಲ್ಲ.

ನಮ್ಮ ಬೇಡಿಕೆ ಇಷ್ಟು. ನಿಮ್ಮ ಎಂಜಿನಿಯರು ಬಂದು ನೀರಿಳಿಯುವ ಜಾಗ ಪತ್ತೆಮಾಡಬೇಕು. ಇಳಿಜಾರು, ಪೈಪಿನ ಬಾಯಿ ಮತ್ತು ಮೂಲೆಗಳನ್ನು ಸರಿಪಡಿಸಬೇಕು. ಆಮೇಲೆ ನಮ್ಮ ಎದುರಿಗೇ 48 ಗಂಟೆ ನೀರು ನಿಲ್ಲಿಸಿ ತೋರಿಸಬೇಕು. ಒಳಗಿನ ಗೋಡೆ ಪೂರಾ ಒಣಗಿದ ಮೇಲಷ್ಟೇ ಬಣ್ಣ ಬಳಿಸಬೇಕು. ಕಪಾಟಿನ ರಿಪೇರಿ ಖರ್ಚು ಕೊಡಬೇಕು.

2016ರ ರೇರಾ ಕಾಯಿದೆಯ 14ನೇ ಕಲಮಿನ 3ನೇ ಉಪಕಲಮಿನಂತೆ, ವಶಕ್ಕೆ ಕೊಟ್ಟ 5 ವರ್ಷದೊಳಗೆ ತಿಳಿಸಿದ ಕೆಲಸದ ದೋಷವನ್ನು ನೀವು 30 ದಿನದೊಳಗೆ ಪುಕ್ಕಟೆಯಾಗಿ ಸರಿಪಡಿಸಬೇಕು. ಆಗದಿದ್ದಲ್ಲಿ ನಾವು ಪರಿಹಾರ ಕೇಳಿ ರೇರಾಕ್ಕೆ ದೂರು ಕೊಡಬೇಕಾಗುತ್ತದೆ."

ಇಷ್ಟೇ. ಬೈಗುಳ ಇಲ್ಲ, ಕಣ್ಣೀರಿಲ್ಲ. "ಏನೂ ಕೊರೆದಿಲ್ಲ" ಅನ್ನೋ ಸಾಲು ಯಾಕೆ ಅಂತೀರಾ? ಸೋಲಾರ್ ಕೂರಿಸಿದಿರಿ, ಡಿಶ್ ಹಾಕಿದಿರಿ, ಅದಕ್ಕೇ ಸೋರಿತು ಅನ್ನುವುದು ಬಿಲ್ಡರುಗಳ ಹಳೇ ರಾಗ. ಆದರೆ ನಿಜವಾಗಿ ಕೊರೆದಿದ್ದರೆ ಆ ಸಾಲು ಬರೆಯಬೇಡಿ, ತೂತು ಎಲ್ಲಿದೆ, ಸೋರುವುದು ಎಲ್ಲಿ ಎಂಬುದನ್ನು ಬರೆಯಿರಿ. ತಾರಸಿ ಎಲ್ಲರದಾದ್ದರಿಂದ ಮಾಲೀಕರ ಸಂಘದ ಕಾರ್ಯದರ್ಶಿಯ ರುಜುವನ್ನೂ ಹಾಕಿಸಿದೆವು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀತಿಯನ್ನು ಪ್ರತಿಗೆ ಅಂಟಿಸಿ, ಮನೆಯ ಕ್ರಯಪತ್ರದ ಜೊತೆಗೇ ಇಟ್ಟಳು. ಫೋನಿನ ಮಾತಿಗೆ ಸಾಕ್ಷಿ ಎಲ್ಲಿಂದ ತರೋದು?

ಒಂದು ಮಾತು ಗಮನಿಸಿ. ಜಾಗ 500 ಚದರ ಮೀಟರಿಗೆ ಮೀರದ, ಇಲ್ಲವೆ 8 ಫ್ಲಾಟಿಗೆ ಮೀರದ ಕಟ್ಟಡ ರೇರಾದಲ್ಲಿ ನೋಂದಣಿ ಆಗಬೇಕೆಂದಿಲ್ಲ. ಸಣ್ಣ ಊರುಗಳಲ್ಲಿ ಇಂಥವೇ ಹೆಚ್ಚು. ನೋಂದಣಿ ಇಲ್ಲದಿದ್ದರೆ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲಿದೆ, ಆದರೆ ಅಲ್ಲಿ ಸಾಮಾನ್ಯವಾಗಿ ಎರಡು ವರ್ಷದೊಳಗೆ ಹೋಗಬೇಕು. ಮಳೆಗಾಲ ಕಳೆಯಲಿ ಅಂತ ಕೂತರೆ ದಿನ ಹೋಗುತ್ತೆ.

ಮೂರನೇ ವಾರಕ್ಕೆ ಎಂಜಿನಿಯರು ಬಂದರು. ಪೈಪಿನ ಬಾಯಿಗೆ ಬಟ್ಟೆ ತುರುಕಿ, ಎರಡು ಬೆರಳಿನಷ್ಟು ನೀರು ನಿಲ್ಲಿಸಿ, ಮೋಟುಗೋಡೆಗೆ ಸೀಮೆಸುಣ್ಣದ ಗೆರೆ ಎಳೆದರು. ನೀರು ಬಿಸಿಲಿಗೆ ಆರಿತೆಂದು ಆಮೇಲೆ ತಕರಾರು ಬಾರದಿರಲಿ ಎಂದು ನಾದಿನಿ ಅಷ್ಟೇ ನೀರು ತುಂಬಿದ ಅಗಲದ ಬೋಗುಣಿಯೊಂದನ್ನು ಪಕ್ಕದಲ್ಲೇ ಇಟ್ಟಳು. ಎರಡರಲ್ಲೂ ಸಮಸಮವಾಗಿ ಇಳಿದರೆ ಅದು ಬಿಸಿಲಿನ ಕೆಲಸ. ತಾರಸಿಯಲ್ಲಿ ಮಾತ್ರ ಹೆಚ್ಚು ಇಳಿದರೆ ನೀರು ಎಲ್ಲೋ ನುಸುಳಿದೆ. ಬೆಳಗಾಗುವುದರೊಳಗೆ ಬೋಗುಣಿಯ ನೀರು ಹಾಗೇ ಇತ್ತು, ತಾರಸಿಯದು ಗೆರೆಗಿಂತ ಅರ್ಧ ಬೆರಳು ಕೆಳಗಿತ್ತು, ಫ್ಯಾನಿನ ಬುಡದಲ್ಲಿ ಹನಿ ಕಟ್ಟಿತ್ತು. ಎಂಜಿನಿಯರು ತಾವೇ ಏಣಿ ಹತ್ತಿ ಮುಟ್ಟಿ ನೋಡಿ, "ಹೌದಮ್ಮಾ" ಅಂದರು.

ಪೈಪಿನ ಸುತ್ತ ಒಡೆದು ಬಾಯಿಯನ್ನು ತಗ್ಗಿಸಿ ಕೂರಿಸಿದರು. ನೀರು ಅತ್ತಲೇ ಓಡುವಂತೆ ಇಳಿಜಾರು ಕೊಟ್ಟರು. ಮೂಲೆಯುದ್ದಕ್ಕೂ ಗಾರೆಯನ್ನು ದುಂಡಗೆ ತುಂಬಿ, ನೀರು ತಡೆಯುವ ಲೇಪವನ್ನು ಗೋಡೆಯ ಮೇಲೂ ಒಂದು ಗೇಣು ಹತ್ತಿಸಿದರು. ಲೇಪ ಒಣಗಿದ ಮೇಲೆ ಎರಡು ಹಗಲು ಎರಡು ರಾತ್ರಿ ನೀರು ನಿಲ್ಲಿಸಿದರು. ಈ ಸಲ ಒಂದು ಹನಿಯೂ ಇಲ್ಲ.

ದೀಪಾವಳಿಗೆ ಬಣ್ಣ ಬಳಿದುಕೊಡ್ತೀವಿ ಅಂದರಂತೆ. ಇವಳು ಒಪ್ಪಲಿಲ್ಲ. ಉಬ್ಬಿದ್ದನ್ನೆಲ್ಲ ಕೆರೆಸಿ, ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿಸಿ, ಹಬ್ಬವನ್ನು ಬೋಳುಗೋಡೆಯ ಕೆಳಗೇ ಮಾಡಿದಳು. ಬಂದ ನೆಂಟರ ಮಾತೂ ಕೇಳಿದಳು. ಗೋಡೆ ಒಣಗಲು ಚಳಿಗಾಲ ಪೂರಾ ಹಿಡಿಯಿತು, ಬಣ್ಣ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಕಪಾಟಿನ ಹಲಗೆಯ ದುಡ್ಡು ಮಾತ್ರ ಬರಲಿಲ್ಲ. ಬಡಗಿಯ ಬಿಲ್ಲು ಲಗತ್ತಿಸಿ ಅದಕ್ಕೆಂದೇ ಇನ್ನೊಂದು ಕಾಗದ ಬರೆದಿದ್ದಾಳೆ.